ಹೊರಟು ಹತ್ತು ಸೆಕೆಂಡಿಗೆ ಮೆಟ್ರೊ ವೇಗ ಎಷ್ಟು?

"ಸರ್, ಸರಿಯಾಗಿ ಹತ್ತು ಸೆಕೆಂಡ್ ಆದ ಕ್ಷಣದಲ್ಲಿ ರೈಲಿನ ವೇಗ ಎಷ್ಟು ಅಂತ ಕೇಳ್ತಿದ್ದೀರಿ. ಆದ್ರೆ ಆ ಒಂದು ಕ್ಷಣದಲ್ಲಿ ರೈಲು ಮುಂದೆ ಹೋಗಿರೋದೇ ಇಲ್ಲ. ಸಮಯವೂ ಕಳೆದಿಲ್ಲ. ಸೊನ್ನೆ ಮೀಟರನ್ನ ಸೊನ್ನೆ ಸೆಕೆಂಡಿನಿಂದ ಭಾಗಿಸೋದು ಹೇಗೆ?"

ಮೊದಲ ವರ್ಷದ ವಿಜ್ಞಾನ ತರಗತಿಯಲ್ಲಿ ಡಿರೈವೇಟಿವ್ ಪಾಠ ಶುರುವಾದಾಗ ಯಾರಾದರೂ ಒಬ್ಬರು ಹೀಗೆ ಕೇಳಬೇಕು. ಕೇಳದಿದ್ದರೆ ನನಗೆ ಸ್ವಲ್ಪ ಬೇಜಾರೇ ಆಗುತ್ತದೆ. ಏಕೆಂದರೆ ಪಾಠದ ತಿರುಳೆಲ್ಲ ಈ ಪ್ರಶ್ನೆಯಲ್ಲೇ ಇದೆ. x² ಕೊಟ್ಟರೆ 2x, x³ ಕೊಟ್ಟರೆ 3x² ಅಂತ ಬರೆಯುವುದನ್ನು ಒಂದು ಮಧ್ಯಾಹ್ನದಲ್ಲಿ ಯಾರು ಬೇಕಾದರೂ ಕಲಿಯಬಹುದು. ಆ 2x ಅಂದರೆ ಏನು, ಅದು ಯಾವುದರ ಲೆಕ್ಕ ಅನ್ನುವುದು ಮಾತ್ರ ಎಷ್ಟೋ ಜನರಿಗೆ ಪರೀಕ್ಷೆ ಮುಗಿದ ಮೇಲೂ ಗೊತ್ತಿರುವುದಿಲ್ಲ.

ಮೆಟ್ರೊ ರೈಲನ್ನೇ ತೆಗೆದುಕೊಳ್ಳೋಣ. ಬಾಗಿಲು ಮುಚ್ಚಿತು, ರೈಲು ಹೊರಟಿತು. ನಿಂತವರು ಕಂಬಿ ಹಿಡಿದುಕೊಂಡರು. ಲೆಕ್ಕ ಸುಲಭವಾಗಲಿ ಅಂತ ಒಂದು ಊಹೆ ಮಾಡೋಣ: ಮೊದಲ ಕೆಲವು ಸೆಕೆಂಡು ರೈಲಿನ ವೇಗ ಒಂದೇ ಹದದಲ್ಲಿ ಏರುತ್ತದೆ, ಪ್ರತಿ ಸೆಕೆಂಡಿಗೆ 1 m/s ನಂತೆ. ನಗರದ ಮೆಟ್ರೊಗಳು ಹೊರಡುವ ರೀತಿಗೆ ಇದು ಹೆಚ್ಚುಕಡಿಮೆ ಹೊಂದುತ್ತದೆ. ಆಗ t ಸೆಕೆಂಡಿನಲ್ಲಿ ರೈಲು ಹೋದ ದೂರ ಇಷ್ಟು:

s = t²/2

ಹತ್ತು ಸೆಕೆಂಡಿಗೆ 50 ಮೀಟರ್. 50 ಮೀಟರನ್ನು 10 ಸೆಕೆಂಡಿನಿಂದ ಭಾಗಿಸಿದರೆ 5 m/s. ತುಂಬಾ ಜನ ಇಲ್ಲೇ ಪೆನ್ನು ಕೆಳಗಿಡುತ್ತಾರೆ. ಆದರೆ ಇದು ಹತ್ತು ಸೆಕೆಂಡುಗಳ ಸರಾಸರಿ. ಅದರಲ್ಲಿ ರೈಲು ಇನ್ನೂ ತೆವಳುತ್ತಿದ್ದ ಮೊದಲ ಎರಡು ಸೆಕೆಂಡೂ ಸೇರಿಕೊಂಡಿದೆ. ಹತ್ತು ಸೆಕೆಂಡ್ ಆಗುವ ಹೊತ್ತಿಗೆ ರೈಲು ಇದಕ್ಕಿಂತ ಜೋರಾಗಿ ಓಡುತ್ತಿರಬೇಕು, ಅಲ್ವಾ?

ಹಾಗಾದರೆ ಹಳೆಯ ಕಥೆ ಬಿಟ್ಟು, ಹತ್ತು ಸೆಕೆಂಡಿನ ಆಸುಪಾಸಿನಲ್ಲಷ್ಟೇ ನೋಡೋಣ. 11 ಸೆಕೆಂಡಿಗೆ ರೈಲು 60.5 ಮೀಟರಿನಲ್ಲಿ ಇರುತ್ತದೆ. ಅಂದರೆ 10 ರಿಂದ 11 ರ ನಡುವೆ 10.5 ಮೀಟರ್ ಹೋಯಿತು. ಸರಾಸರಿ 10.5 m/s. ಇದು ಮೊದಲಿಗಿಂತ ವಾಸಿ. ಆದರೆ ಆ ಒಂದು ಸೆಕೆಂಡಿನಲ್ಲೂ ರೈಲು ವೇಗ ಹೆಚ್ಚಿಸಿಕೊಳ್ಳುತ್ತಲೇ ಇತ್ತು, ಹಾಗಾಗಿ ಉತ್ತರ ಸ್ವಲ್ಪ ಜಾಸ್ತಿ ಬಂದಿದೆ. ಅವಧಿಯನ್ನು ಇನ್ನೂ ಕುಗ್ಗಿಸೋಣ. 10.1 ಸೆಕೆಂಡಿಗೆ ರೈಲು 51.005 ಮೀಟರಿನಲ್ಲಿದೆ. 0.1 ಸೆಕೆಂಡಿನಲ್ಲಿ 1.005 ಮೀಟರ್, ಅಂದರೆ 10.05 m/s. 10 ರಿಂದ 10.01 ರವರೆಗೆ ತೆಗೆದುಕೊಂಡರೆ 10.005 m/s.

ಹಿಂದಿನಿಂದಲೂ ಬಂದು ನೋಡಿ. 9.9 ಸೆಕೆಂಡಿಗೆ ರೈಲು 49.005 ಮೀಟರಿನಲ್ಲಿತ್ತು. ಅಲ್ಲಿಂದ 10 ಸೆಕೆಂಡಿನವರೆಗಿನ ಸರಾಸರಿ 9.95 m/s. 9.99 ರಿಂದ ಹಿಡಿದರೆ 9.995. ಮುಂದಿನಿಂದ ಬಂದ ಸಂಖ್ಯೆಗಳು ಇಳಿಯುತ್ತಿವೆ, ಹಿಂದಿನಿಂದ ಬಂದವು ಏರುತ್ತಿವೆ. ಎರಡರ ನಡುವೆ ಸಿಕ್ಕಿಕೊಂಡಿರುವ ಸಂಖ್ಯೆ ಒಂದೇ, 10. ಆ ಕ್ಷಣದ ವೇಗ 10 m/s ಅಂದರೆ ಅರ್ಥ ಇಷ್ಟೇ. ಗಂಟೆಯ ಲೆಕ್ಕದಲ್ಲಿ ಅದು 36 ಕಿ.ಮೀ.

ಗಮನಿಸಿ, ಎಲ್ಲಿಯೂ ನಾವು ಸೊನ್ನೆಯಿಂದ ಭಾಗಿಸಲಿಲ್ಲ. ಪ್ರತಿ ಸಲವೂ ಸಣ್ಣದಾದರೂ ನಿಜವಾದ ಒಂದು ಅವಧಿ ಇತ್ತು, ಆ ಅವಧಿಯಲ್ಲಿ ಹೋದ ನಿಜವಾದ ದೂರವೂ ಇತ್ತು. ದೂರ ಚಿಕ್ಕದಾಯಿತು, ಸಮಯವೂ ಚಿಕ್ಕದಾಯಿತು. ಆದರೆ ಅವುಗಳ ಭಾಗಲಬ್ಧ ಚಿಕ್ಕದಾಗಲಿಲ್ಲ. ಅದು 10 ರ ಹತ್ತಿರ ಹೋಗಿ ನಿಂತಿತು. ಒಂದು ಕ್ಷಣದ ವೇಗ ಅನ್ನುವುದು ಒಂದು ಭಾಗಾಕಾರದ ಉತ್ತರವಲ್ಲ, ಸಾಲು ಸಾಲು ಭಾಗಾಕಾರಗಳ ಉತ್ತರಗಳು ಯಾವ ಸಂಖ್ಯೆಯ ಕಡೆ ಹೋಗುತ್ತಿವೆಯೋ ಆ ಸಂಖ್ಯೆ. ಅದಕ್ಕೇ ಲಿಮಿಟ್ ಅನ್ನುವುದು.

ಇಲ್ಲೊಂದು ಸಣ್ಣ ಎಚ್ಚರಿಕೆ. "ಹತ್ತನೇ ಸೆಕೆಂಡಿನಲ್ಲಿ" ಅಂತ ಪ್ರಶ್ನೆಪತ್ರಿಕೆಯಲ್ಲಿ ಬಂದರೆ ಅದು 9 ರಿಂದ 10 ರವರೆಗಿನ ಇಡೀ ಒಂದು ಸೆಕೆಂಡು. "t = 10 ಆದಾಗ" ಅಂದರೆ ಮಾತ್ರ ಆ ಕ್ಷಣ. ನಮ್ಮ ರೈಲು ಹತ್ತನೇ ಸೆಕೆಂಡಿನಲ್ಲಿ 9.5 ಮೀಟರ್ ಹೋಗುತ್ತದೆ. t = 10 ರಲ್ಲಿ ಅದರ ವೇಗ 10 m/s. ಈ ಎರಡನ್ನು ಕಲಸಿಕೊಂಡು ಮಾರ್ಕ್ಸ್ ಕಳೆದುಕೊಂಡವರು ಬೇಕಾದಷ್ಟು ಜನ ಇದ್ದಾರೆ.

ಪ್ರತಿ ಸಲ ಹೀಗೆ ನಾಲ್ಕಾರು ಭಾಗಾಕಾರ ಮಾಡಿ ಊಹಿಸುವುದು ಬೇಸರದ ಕೆಲಸ. ಆದ್ದರಿಂದ ಆ ಸಣ್ಣ ಅವಧಿಗೆ h ಅಂತ ಹೆಸರಿಟ್ಟು ಒಂದೇ ಸಲ ಲೆಕ್ಕ ಮುಗಿಸೋಣ. t ಯಿಂದ t + h ವರೆಗಿನ ಸರಾಸರಿ ವೇಗ:

[(t + h)²/2 − t²/2] / h = [2th + h²] / 2h = t + h/2

t ಜಾಗದಲ್ಲಿ 10 ಹಾಕಿ. h = 1 ಆದರೆ 10.5, h = 0.1 ಆದರೆ 10.05, h = −0.1 ಆದರೆ 9.95. ಮೇಲೆ ಬಂದ ಸಂಖ್ಯೆಗಳೆಲ್ಲ ಈ ಒಂದೇ ಸಾಲಿನಲ್ಲಿ ಕುಳಿತಿವೆ. h ಸಣ್ಣದಾಗುತ್ತಾ ಹೋದಂತೆ h/2 ಕರಗುತ್ತದೆ, ಉಳಿಯುವುದು t. ಅಂದರೆ ಯಾವ ಕ್ಷಣವನ್ನು ಕೇಳಿದರೂ ಉತ್ತರ ಸಿದ್ಧವಾಗಿದೆ: 3 ಸೆಕೆಂಡಿಗೆ 3 m/s, 7 ಸೆಕೆಂಡಿಗೆ 7 m/s. ಇದನ್ನು ds/dt = t ಅಂತ ಬರೆಯುತ್ತೇವೆ. ದೂರದ ಫಂಕ್ಷನ್‌ನಿಂದ ವೇಗದ ಫಂಕ್ಷನ್ ಹುಟ್ಟಿತು. ಹೀಗೆ ಹುಟ್ಟಿದ್ದೇ ಡಿರೈವೇಟಿವ್. ಅದನ್ನು ಹುಟ್ಟಿಸುವ ಕೆಲಸಕ್ಕೆ ಕನ್ನಡ ಪುಸ್ತಕಗಳಲ್ಲಿ ಅವಕಲನ ಅಂತ ಹೆಸರು.

ಮೇಲಿನ ಸಾಲಿನಲ್ಲಿ ಒಂದು ಕಳ್ಳತನ ನಡೆದಿದೆಯೇ ಅಂತ ಕೆಲವರಿಗೆ ಅನುಮಾನ ಬರುತ್ತದೆ. h ನಿಂದ ಭಾಗಿಸುವಾಗ ಅದು ಸೊನ್ನೆ ಅಲ್ಲ ಅಂದೆವು. ಭಾಗಿಸಿ ಆದ ಮೇಲೆ ಅದನ್ನೇ ಸೊನ್ನೆ ಅಂತ ಬಿಟ್ಟುಬಿಟ್ಟೆವು. ಇದೆಂಥ ನ್ಯಾಯ? ಈ ಅನುಮಾನ ನಿಮ್ಮೊಬ್ಬರದೇ ಅಲ್ಲ. 1734 ರಲ್ಲಿ ಐರ್ಲೆಂಡಿನ ಬಿಷಪ್ ಜಾರ್ಜ್ ಬರ್ಕ್ಲಿ ಇದೇ ತಕರಾರು ಎತ್ತಿದ. ನ್ಯೂಟನ್ನನ ಲೆಕ್ಕದಲ್ಲಿ ಬರುವ ಈ ಸಣ್ಣ ಸಂಖ್ಯೆಗಳು ಸತ್ತುಹೋದ ಪರಿಮಾಣಗಳ ದೆವ್ವಗಳೇ ಅಂತ ಅಣಕಿಸಿದ. ಉತ್ತರ ಸರಿ ಬರುತ್ತದೆ, ಆದರೆ ದಾರಿ ಸರಿಯಿಲ್ಲ ಅನ್ನುವುದು ಅವನ ವಾದ. ಆಗಿನ ಮಟ್ಟಿಗೆ ಅವನು ಹೇಳಿದ್ದರಲ್ಲಿ ನ್ಯಾಯವಿತ್ತು. ಫ್ರಾನ್ಸಿನ ಕೋಶಿ 1821 ರಲ್ಲಿ ಲಿಮಿಟ್ಟನ್ನು ಬುನಾದಿಯಾಗಿಟ್ಟು ಬರೆದ ಮೇಲೆ, ಅದರ ನಂತರ ಬಂದವರು ಅದನ್ನು ಇನ್ನೂ ಬಿಗಿ ಮಾಡಿದ ಮೇಲೆ ಈ ತಕರಾರು ತೀರಿತು. ಅವರ ಉತ್ತರ ನಾವು ರೈಲಿನಲ್ಲಿ ನೋಡಿದ್ದೇ: h ಯಾವತ್ತೂ ಸೊನ್ನೆ ಆಗುವುದಿಲ್ಲ. t + h/2 ಅನ್ನುವುದು t ಗೆ ಎಷ್ಟು ಹತ್ತಿರ ಬೇಕು ಅಂತ ನೀವು ಹೇಳಿ, ಅಷ್ಟು ಹತ್ತಿರ ತರುವಂಥ h ಅನ್ನು ನಾನು ಕೊಡುತ್ತೇನೆ. 0.001 ರ ಒಳಗೆ ಇರಬೇಕೇ? h ಅನ್ನು 0.002 ಕ್ಕಿಂತ ಚಿಕ್ಕದು ಮಾಡಿ, ಸಾಕು.

ನಮ್ಮ ಕಡೆಯವರಿಗೂ ಈ ಯೋಚನೆ ಹೊಸದಲ್ಲ. ಎರಡನೆಯ ಭಾಸ್ಕರ 1150 ರ ತನ್ನ ಸಿದ್ಧಾಂತ ಶಿರೋಮಣಿಯಲ್ಲಿ ಗ್ರಹಗಳ ತಾತ್ಕಾಲಿಕ ಗತಿಯ ಬಗ್ಗೆ ಬರೆದಿದ್ದಾನೆ. ತಾತ್ಕಾಲಿಕ ಅಂದರೆ ಇಲ್ಲಿ ಆ ಹೊತ್ತಿನ ಅಂತ ಅರ್ಥ. ಚಂದ್ರನ ಓಟ ಒಂದೇ ಹದದಲ್ಲಿ ಇರುವುದಿಲ್ಲ, ಒಂದೇ ದಿನದೊಳಗೂ ಬದಲಾಗುತ್ತದೆ. ಹಾಗಾಗಿ ತಿಥಿ ಮುಗಿಯುವ ಗಳಿಗೆಯನ್ನು ನಿಖರವಾಗಿ ಹೇಳಬೇಕಾದರೆ ದಿನವಿಡೀ ಸರಾಸರಿ ಹಾಕಿದ ಗತಿ ಸಾಲದು. ಪಂಚಾಂಗದ ಅಗತ್ಯದಿಂದಲೇ ಈ ಪ್ರಶ್ನೆ ಎದ್ದಿತ್ತು.

ಈಗ t² ಕೊಟ್ಟರೆ 2t ಯಾಕೆ ಬರಬೇಕು ಅನ್ನುವುದನ್ನು ಲೆಕ್ಕ ಬಿಟ್ಟು ಕಣ್ಣಿನಿಂದಲೇ ನೋಡೋಣ. ಒಂದು ಚೌಕ ಚಾಪೆ ಇದೆ, ಒಂದು ಬದಿಯ ಉದ್ದ t. ಚಾಪೆ ಒಂದಕ್ಕೊಂದು ತಾಗಿದ ಎರಡು ಪಕ್ಕಕ್ಕೆ ಮಾತ್ರ h ಅಗಲದಷ್ಟು ಬೆಳೆಯಿತು ಅನ್ನಿ. ಹೊಸದಾಗಿ ಸೇರಿದ್ದು ಏನು? t ಉದ್ದ h ಅಗಲದ ಎರಡು ಪಟ್ಟಿಗಳು, ಜೊತೆಗೆ ಮೂಲೆಯಲ್ಲಿ h ಅಳತೆಯ ಒಂದು ಪುಟ್ಟ ಚೌಕ. ಪಟ್ಟಿಗಳ ವಿಸ್ತೀರ್ಣ 2th, ಮೂಲೆಯದು h². h ನೂರನೇ ಒಂದು ಭಾಗವಾದರೆ ಮೂಲೆ ಹತ್ತು ಸಾವಿರದಲ್ಲಿ ಒಂದು ಭಾಗ. ಮೂಲೆ ಪಟ್ಟಿಗಿಂತ ಬಹಳ ಬೇಗ ಕುಗ್ಗುತ್ತದೆ. ಹಾಗಾಗಿ ಬದಿ ಬೆಳೆದದ್ದಕ್ಕೆ ಹೋಲಿಸಿ ವಿಸ್ತೀರ್ಣ ಬೆಳೆದ ದರ 2t. ಆ 2 ಅಂದರೆ ಎರಡು ಪಟ್ಟಿಗಳು, ಬೇರೇನೂ ಅಲ್ಲ. ಘನಾಕಾರದ ಡಬ್ಬಿಗೆ ಇದನ್ನೇ ಮಾಡಿ ನೋಡಿ, ಮೂರು ಹಲಗೆ ಸೇರುತ್ತವೆ, ಒಂದೊಂದರ ವಿಸ್ತೀರ್ಣ t². ಅದಕ್ಕೇ 3t².

ದೋಸೆ ಹುಯ್ಯುವಾಗ ಇನ್ನೂ ಚೆನ್ನಾಗಿ ಕಾಣುತ್ತದೆ. 10 ಸೆಂ.ಮೀ. ತ್ರಿಜ್ಯದ ದೋಸೆಯನ್ನು ಸೌಟಿನಿಂದ ಇನ್ನೊಂದು ಮಿಲಿಮೀಟರ್ ಹರಡಿದಿರಿ. ಹೊಸದಾಗಿ ಸೇರಿದ್ದು ಅಂಚಿನ ಸುತ್ತ ಒಂದು ತೆಳು ಬಳೆ. ಅದನ್ನು ಕತ್ತರಿಸಿ ನೇರ ಮಾಡಿದರೆ ಉದ್ದ ಸುತ್ತಳತೆಯಷ್ಟು, ಅಗಲ 0.1 ಸೆಂ.ಮೀ. ಸುಮಾರು 6.28 ಚದರ ಸೆಂ.ಮೀ. ಪೂರ್ತಿ ಲೆಕ್ಕ ಹಾಕಿದರೆ 6.31. ವೃತ್ತದ ವಿಸ್ತೀರ್ಣ πr² ಅನ್ನು r ಲೆಕ್ಕದಲ್ಲಿ ಅವಕಲಿಸಿದರೆ ಸುತ್ತಳತೆ 2πr ಬರುವುದು ಆಕಸ್ಮಿಕವಲ್ಲ. ಬೆಳವಣಿಗೆ ಆಗುತ್ತಿರುವುದೇ ಅಂಚಿನಲ್ಲಿ.

ದೋಸೆಯಲ್ಲಿ ಸಮಯದ ಮಾತೇ ಬರಲಿಲ್ಲ ನೋಡಿ. ವಿಸ್ತೀರ್ಣ ಬದಲಾಯಿತು, ತ್ರಿಜ್ಯದ ಲೆಕ್ಕದಲ್ಲಿ. ಡಿರೈವೇಟಿವ್ ಅಂದ ತಕ್ಷಣ ಕೇಳಬೇಕಾದ ಪ್ರಶ್ನೆ ಇದೇ: ಯಾವುದು ಬದಲಾಗುತ್ತಿದೆ, ಯಾವುದರ ಲೆಕ್ಕದಲ್ಲಿ? ತರಕಾರಿ ಅಂಗಡಿಯಲ್ಲಿ "ನಲವತ್ತು" ಅಂದರೆ ನಾವು ಸುಮ್ನೆ ಇರುವುದಿಲ್ಲ, "ಕೆಜಿಗಾ, ಅರ್ಧ ಕೆಜಿಗಾ?" ಅಂತ ಕೇಳುತ್ತೇವೆ. ಇಲ್ಲೂ ಹಾಗೇ. ds/dt ಯಲ್ಲಿ ಕೆಳಗಿರುವ dt ಆ "ಕೆಜಿಗೆ" ಇದ್ದಂತೆ. ಸಮಯವಲ್ಲದ್ದು ಕೆಳಗೆ ಬಂದಾಗ ಹೇಗಿರುತ್ತದೆ ಅಂತ ನೋಡಲು ಘಟ್ಟ ಹತ್ತೋಣ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ಕಡೆಗೆ ಇಳಿಯುವ ರೈಲು ಮಾರ್ಗದ ಇಳಿಜಾರು 50 ಕ್ಕೆ 1. ಅಂದರೆ ಹಳಿಯ ಮೇಲೆ 50 ಮೀಟರ್ ಹೋದರೆ 1 ಮೀಟರ್ ಎತ್ತರ ಬದಲಾಗುತ್ತದೆ. ದಶಮಾಂಶದಲ್ಲಿ 0.02. ಕೇಳಲು ಏನೂ ಅನ್ನಿಸದ ಸಂಖ್ಯೆ. ಆದರೆ ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಗಾಲಿ ಹಿಡಿತ ಸಾಧಿಸಬೇಕಲ್ಲ, ಹಾಗಾಗಿ ರೈಲಿಗೆ ಇದು ಭಾರಿ ಏರು. ಮೇಲಕ್ಕೆ ಹೋಗುವ ಗಾಡಿಗಳಿಗೆ ಹಿಂದಿನಿಂದ ತಳ್ಳಲು ಬೇರೆ ಎಂಜಿನ್ ಹಾಕುವುದು ಇದಕ್ಕೇ. ಇಲ್ಲಿ ಬದಲಾಗುತ್ತಿರುವುದು ಎತ್ತರ. ಯಾವುದರ ಲೆಕ್ಕದಲ್ಲಿ? ದೂರದ ಲೆಕ್ಕದಲ್ಲಿ. ಮೀಟರನ್ನು ಮೀಟರಿನಿಂದ ಭಾಗಿಸಿದ್ದರಿಂದ ಇಳಿಜಾರಿಗೆ ಏಕಮಾನ ಇಲ್ಲ. ವೇಗಕ್ಕೆ m/s ಇದೆ. ಏಕಮಾನ ಬೇರೆಯಾದರೂ ಲೆಕ್ಕ ಒಂದೇ: ಇದು ಇಷ್ಟು ಬದಲಾದಾಗ ಅದು ಎಷ್ಟು ಬದಲಾಯಿತು.

ಘಟ್ಟದ ರಸ್ತೆಗಳು ಹಾವಿನಂತೆ ಸುತ್ತುವುದೂ ಈ ಭಾಗಾಕಾರದಿಂದಲೇ. ಆಗುಂಬೆಯಲ್ಲಿ ಹದಿನಾಲ್ಕು ತಿರುವು ಯಾಕೆ? ಬೆಟ್ಟದ ಎತ್ತರವನ್ನು ಎಂಜಿನಿಯರ್ ಕಡಿಮೆ ಮಾಡಲಾರ. ಮೇಲಿನ ಸಂಖ್ಯೆ ಅಷ್ಟೇ ಇರುತ್ತದೆ. ಆದ್ದರಿಂದ ಕೆಳಗಿನ ಸಂಖ್ಯೆಯನ್ನು, ಅಂದರೆ ರಸ್ತೆಯ ಉದ್ದವನ್ನು ಹೆಚ್ಚಿಸುತ್ತಾನೆ. ಬಸ್ಸು ಹತ್ತುವಷ್ಟಕ್ಕೆ ಇಳಿಜಾರು ತಗ್ಗುತ್ತದೆ. ಹೊಟ್ಟೆ ತೊಳಸುವುದು ನಮ್ಮ ಪಾಲಿಗೆ.

ಈಗ ವೇಗವನ್ನೂ ಇಳಿಜಾರನ್ನೂ ಒಟ್ಟಿಗೆ ಇಡೋಣ. ಆ 50 ಕ್ಕೆ 1 ರ ಏರಿನಲ್ಲಿ ರೈಲು ಗಂಟೆಗೆ 30 ಕಿ.ಮೀ. ವೇಗದಲ್ಲಿ ಹತ್ತುತ್ತಿದೆ ಅನ್ನಿ. ನಿಮಿಷಕ್ಕೆ 500 ಮೀಟರ್ ಆಯಿತು. ಪ್ರತಿ 50 ಮೀಟರಿಗೆ 1 ಮೀಟರ್ ಏರುವುದರಿಂದ, ನಿಮಿಷಕ್ಕೆ 10 ಮೀಟರ್ ಎತ್ತರ ಏರುತ್ತದೆ. ಇಲ್ಲಿ ನಾವು ಮಾಡಿದ್ದು ಒಂದು ಗುಣಾಕಾರ: ದೂರದ ಲೆಕ್ಕದಲ್ಲಿ ಎತ್ತರ ಬದಲಾಗುವ ದರ, ಸಮಯದ ಲೆಕ್ಕದಲ್ಲಿ ದೂರ ಬದಲಾಗುವ ದರ, ಎರಡನ್ನೂ ಗುಣಿಸಿದರೆ ಸಮಯದ ಲೆಕ್ಕದಲ್ಲಿ ಎತ್ತರ ಬದಲಾಗುವ ದರ.

dy/dt = (dy/dx) · (dx/dt)

ಮುಂದಿನ ಸೆಮಿಸ್ಟರಿನಲ್ಲೋ ಮುಂದಿನ ಪಾಠದಲ್ಲೋ ಇದೇ ಚೈನ್ ರೂಲ್ ಅಂತ ಗಂಭೀರವಾಗಿ ಬಂದು ನಿಲ್ಲುತ್ತದೆ. ಆಗ ಘಟ್ಟದ ರೈಲನ್ನು ನೆನಪಿಸಿಕೊಳ್ಳಿ.

ಇನ್ನು ಗ್ರಾಫಿಗೆ ಬರೋಣ. ಮೆಟ್ರೊ ರೈಲಿನ ಚಲನೆಯನ್ನು ಗ್ರಾಫ್ ಹಾಳೆಯ ಮೇಲೆ ಎಳೆಯಿರಿ: ಅಡ್ಡಕ್ಕೆ ಸಮಯ, ಉದ್ದಕ್ಕೆ ದೂರ. ಮೊದಲು ನೆಲಕ್ಕೆ ಮಲಗಿದಂತಿದ್ದು ಆಮೇಲೆ ಮೇಲೇಳುವ ಒಂದು ಬಾಗಿದ ರೇಖೆ ಬರುತ್ತದೆ. ಈಗ ಆ ರೇಖೆಯನ್ನೇ ಒಂದು ಘಟ್ಟದ ರಸ್ತೆ ಅಂದುಕೊಳ್ಳಿ. t = 10 ಮತ್ತು t = 11 ರ ಬಿಂದುಗಳನ್ನು ನೇರ ಗೆರೆಯಿಂದ ಸೇರಿಸಿದರೆ ಆ ಗೆರೆಯ ಇಳಿಜಾರು ಎಷ್ಟು? ಎದ್ದದ್ದು 10.5, ಹೋದದ್ದು 1. ಇಳಿಜಾರು 10.5. ನಾವು ಮೊದಲು ಸರಾಸರಿ ವೇಗ ಅಂದದ್ದು ಇದನ್ನೇ. ಎರಡನೇ ಬಿಂದುವನ್ನು ಮೊದಲನೆಯದರ ಕಡೆಗೆ ಜಾರಿಸುತ್ತಾ ಬನ್ನಿ. ಗೆರೆ ನಿಧಾನವಾಗಿ ತಿರುಗಿ, ಕೊನೆಗೆ ರೇಖೆಯನ್ನು ಆ ಜಾಗದಲ್ಲಿ ಸವರಿಕೊಂಡು ಹೋಗುವ ಸ್ಪರ್ಶಕದ ಕಡೆ ವಾಲುತ್ತದೆ. ಆ ಸ್ಪರ್ಶಕದ ಇಳಿಜಾರು 10. ವೇಗ ಮತ್ತು ಇಳಿಜಾರು ಎರಡು ಬೇರೆ ಬೇರೆ ಉದಾಹರಣೆಗಳು ಅಂತ ಪುಸ್ತಕದಲ್ಲಿ ಅನ್ನಿಸಬಹುದು. ನಿಜಕ್ಕೂ ವೇಗ ಅನ್ನುವುದೇ ದೂರ–ಸಮಯದ ಗ್ರಾಫಿನ ಇಳಿಜಾರು.

ಸ್ಪರ್ಶಕ ಅಂದರೆ "ಒಂದೇ ಬಿಂದುವಿನಲ್ಲಿ ಮುಟ್ಟುವ ಗೆರೆ" ಅಂತ ಹೈಸ್ಕೂಲಿನಲ್ಲಿ ವೃತ್ತದ ಪಾಠದಲ್ಲಿ ಕಲಿತಿರುತ್ತೇವೆ. ಅದನ್ನು ಇಲ್ಲಿ ಮರೆತರೇ ಒಳ್ಳೆಯದು. ಸ್ಪರ್ಶಕ ಬೇರೆ ಕಡೆ ರೇಖೆಯನ್ನು ಮತ್ತೆ ಕತ್ತರಿಸಿದರೂ ತೊಂದರೆಯಿಲ್ಲ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಒಂದಿದೆ. ಫೋನಿನಲ್ಲಿ ಗ್ರಾಫ್ ತೆರೆದು ಆ ಬಿಂದುವಿನ ಮೇಲೆ ಎರಡು ಬೆರಳಿಟ್ಟು ಹಿಗ್ಗಿಸುತ್ತಾ ಹೋಗಿ. ಬಾಗು ಕಡಿಮೆಯಾಗುತ್ತಾ ಹೋಗಿ ರೇಖೆ ನೆಟ್ಟಗೆ ಕಾಣತೊಡಗುತ್ತದೆ. ಆಗ ಕಾಣುವ ನೇರ ಗೆರೆಯೇ ಸ್ಪರ್ಶಕ.

ಗ್ರಾಫಿನಲ್ಲಿ ಪ್ರತಿ ವರ್ಷ ನೋಡುವ ತಪ್ಪು ಒಂದಿದೆ. ಸ್ಪರ್ಶಕ ಎಳೆದು, ಕೋನಮಾಪಕ ಇಟ್ಟು ಕೋನ ಅಳೆದು, ಅದರ tan ತೆಗೆಯುತ್ತಾರೆ. "ಗೆರೆ 45 ಡಿಗ್ರಿ ಇದೆ, tan 45 ಅಂದರೆ 1, ವೇಗ 1 m/s." ಆದರೆ ಅಡ್ಡಕ್ಕೆ ಒಂದು ಚೌಕ 1 ಸೆಕೆಂಡು, ಉದ್ದಕ್ಕೆ ಒಂದು ಚೌಕ 10 ಮೀಟರ್ ಅಂತ ಅಳತೆ ಇಟ್ಟಿದ್ದರೆ 45 ಡಿಗ್ರಿಯ ಗೆರೆಯ ಇಳಿಜಾರು 10. ಅಳತೆ ಬದಲಾಯಿಸಿದರೆ ಕೋನ ಬದಲಾಗುತ್ತದೆ, ರೈಲಿನ ವೇಗ ಬದಲಾಗುವುದಿಲ್ಲ. ಕೋನಮಾಪಕವನ್ನು ಬದಿಗಿಡಿ. ಸ್ಪರ್ಶಕದ ಮೇಲೆ ದೂರ ದೂರದ ಎರಡು ಬಿಂದು ಹಿಡಿದು, ಅಕ್ಷದ ಮೇಲಿನ ಸಂಖ್ಯೆಗಳನ್ನು ಓದಿ ಭಾಗಿಸಿ.

ಇನ್ನೊಂದು ಗೊಂದಲ, ಎತ್ತರಕ್ಕೂ ಏರಿಗೂ ನಡುವಿನದು. ಆಗುಂಬೆಯ ತುದಿಗೆ ಬಂದ ಮೇಲೆ ನೀವು ತುಂಬಾ ಎತ್ತರದಲ್ಲಿದ್ದೀರಿ, ಆದರೆ ರಸ್ತೆ ಸಪಾಟು. ಎತ್ತರ ಜಾಸ್ತಿ, ಇಳಿಜಾರು ಸೊನ್ನೆ. ಹಾಗೆಯೇ ಮುಂದಿನ ನಿಲ್ದಾಣಕ್ಕೆ ಬರುವ ಮೆಟ್ರೊ ಬ್ರೇಕ್ ಹಾಕುತ್ತಿರುವಾಗ ಅದರ ವೇಗ ಇನ್ನೂ ಧನ ಸಂಖ್ಯೆಯೇ, ರೈಲು ಮುಂದೆಯೇ ಹೋಗುತ್ತಿದೆ. ಋಣ ಆಗಿರುವುದು ವೇಗದ ಡಿರೈವೇಟಿವ್, ಅಂದರೆ ವೇಗೋತ್ಕರ್ಷ. ಚೆಂಡನ್ನು ಮೇಲಕ್ಕೆ ಎಸೆದಾಗ ತುದಿಯಲ್ಲಿ ಅದರ ವೇಗ ಸೊನ್ನೆ, ಆದರೆ ವೇಗ ಬದಲಾಗುವ ದರ ಆಗಲೂ ಕೆಳಮುಖವಾಗಿ 9.8 m/s². ಅದು ಸೊನ್ನೆ ಆಗಿದ್ದರೆ ಚೆಂಡು ಅಲ್ಲೇ ನಿಂತುಬಿಡುತ್ತಿತ್ತು. ಹೈಸ್ಕೂಲಿನಲ್ಲಿ ಜವ ಬೇರೆ, ವೇಗ ಬೇರೆ ಅಂತ ಬಾಯಿಪಾಠ ಮಾಡಿಸಿದ್ದರಲ್ಲ, ಅದರ ಉಪಯೋಗ ಇಲ್ಲಿ. ಡಿರೈವೇಟಿವ್ ಕೊಡುವುದು ವೇಗವನ್ನು, ಚಿಹ್ನೆ ಸಮೇತ. ಚಿಹ್ನೆ ಬಿಟ್ಟರೆ ಜವ.

ಎಲ್ಲ ಕಡೆಯೂ ಡಿರೈವೇಟಿವ್ ಇರುತ್ತದೆಯೇ? ಇಲ್ಲ. ರೈಲು ಹಳಿಯ ಪಕ್ಕದಲ್ಲಿ ಎರಡು ರೆಕ್ಕೆಯ ಚಿಕ್ಕ ಕಂಬಗಳನ್ನು ನೋಡಿರಬಹುದು. ರೆಕ್ಕೆಗಳು ಮೇಲಕ್ಕೋ ಕೆಳಕ್ಕೋ ವಾಲಿರುತ್ತವೆ, ಮೇಲೊಂದು ಸಂಖ್ಯೆ ಇರುತ್ತದೆ. ಅವು ಇಳಿಜಾರು ಬದಲಾಗುವ ಜಾಗವನ್ನು ತೋರಿಸುವ ಗುರುತುಗಳು. ಕಂಬದ ಈಚೆಗೆ ಒಂದು ಇಳಿಜಾರು, ಆಚೆಗೆ ಇನ್ನೊಂದು. ಹಳಿ ಆ ಜಾಗದಲ್ಲಿ ಮುರಿದಂತೆ ಮೂಲೆಯಾಗಿ ತಿರುಗಿದ್ದರೆ, ಹಿಂದಿನಿಂದ ಬಂದ ಉತ್ತರಗಳು ಒಂದು ಸಂಖ್ಯೆಯ ಕಡೆ, ಮುಂದಿನಿಂದ ಬಂದವು ಇನ್ನೊಂದರ ಕಡೆ ಹೋಗುತ್ತಿದ್ದವು. ಎಷ್ಟು ಹಿಗ್ಗಿಸಿ ನೋಡಿದರೂ ಮೂಲೆ ಮೂಲೆಯಾಗಿಯೇ ಕಾಣುತ್ತಿತ್ತು. ಅಂಥ ಜಾಗದಲ್ಲಿ ಇಳಿಜಾರು ಎಷ್ಟು ಅನ್ನುವ ಪ್ರಶ್ನೆಗೆ ಉತ್ತರವೇ ಇಲ್ಲ. ಗಾಡಿಗೂ ಅದು ಒಳ್ಳೆಯದಲ್ಲ. ಅದಕ್ಕೇ ಇಳಿಜಾರು ಹೆಚ್ಚು ಬದಲಾಗುವ ಕಡೆ ಎಂಜಿನಿಯರುಗಳು ಹಳಿಯನ್ನು ಮೂಲೆಯಾಗಲು ಬಿಡದೆ ಮೇಲಿಂದ ಕೆಳಕ್ಕೆ ನಿಧಾನವಾಗಿ ಬಾಗಿಸಿ ಸೇರಿಸುತ್ತಾರೆ. |x| ನ ಗ್ರಾಫ್ ನೋಡಿ "x = 0 ಯಲ್ಲಿ ಡಿರೈವೇಟಿವ್ ಇಲ್ಲ" ಅಂತ ಬರೆಯುವಾಗ ಹೇಳುತ್ತಿರುವುದೂ ಇದನ್ನೇ: ಎಡಗಡೆ −1, ಬಲಗಡೆ +1, ಒಪ್ಪಂದವಿಲ್ಲ.

ಕೊನೆಗೆ ಲ್ಯಾಬಿನ ಮಾತು. ಕಾಗದದ ಮೇಲೆ h ಎಷ್ಟು ಚಿಕ್ಕದಾದರೆ ಅಷ್ಟು ಒಳ್ಳೆಯದು. ಅಳತೆ ಮಾಡುವಾಗ ಹಾಗಲ್ಲ. ಮನೆಯಲ್ಲೇ ಮಾಡಿ ನೋಡಬಹುದು. ಒಂದು ಮೀಟರ್ ಉದ್ದದ ಹಲಗೆಯ ಒಂದು ತುದಿಯನ್ನು ಸುಮಾರು 14 ಸೆಂ.ಮೀ. ಎತ್ತರಿಸಿ, ಪಕ್ಕದಲ್ಲಿ ಟೇಪ್ ಅಂಟಿಸಿ, ಮೇಲಿನಿಂದ ಗೋಲಿ ಬಿಡಿ. ಗೋಲಿ ಜಾರದೆ ಉರುಳಿದರೆ ಅದರ ವೇಗೋತ್ಕರ್ಷ ಹೆಚ್ಚುಕಡಿಮೆ 1 m/s². ಅಂದರೆ ನಮ್ಮ ಮೆಟ್ರೊ ರೈಲಿನ s = t²/2 ಇಲ್ಲೂ ನಡೆಯುತ್ತದೆ. ಅದನ್ನು ಫೋನಿನಲ್ಲಿ ವಿಡಿಯೊ ಮಾಡಿ, ಒಂದೊಂದೇ ಫ್ರೇಮ್ ಸರಿಸಿ ಗೋಲಿಯ ಜಾಗ ಓದಿ. t = 1 ರಲ್ಲಿ ವೇಗ 1 m/s ಬರಬೇಕು.

ಸಾಮಾನ್ಯ ವಿಡಿಯೊದಲ್ಲಿ ಸೆಕೆಂಡಿಗೆ 30 ಫ್ರೇಮ್ ಇರುತ್ತವೆ. ಪಕ್ಕಪಕ್ಕದ ಎರಡು ಫ್ರೇಮ್ ತೆಗೆದುಕೊಂಡರೆ ಅವಧಿ 1/30 ಸೆಕೆಂಡು. ಗೋಲಿಯ ಚಿತ್ರ ಸ್ವಲ್ಪ ಮಸುಕಾಗಿರುತ್ತದೆ, ಓದುವಾಗ 1 ಸೆಂ.ಮೀ. ಆಚೀಚೆ ಆಗಬಹುದು. ಎರಡು ಓದುಗಳಲ್ಲೂ ತಪ್ಪು ಎದುರು ಬದುರು ಆದರೆ ದೂರದಲ್ಲಿ 2 ಸೆಂ.ಮೀ. ವ್ಯತ್ಯಾಸ. ಅದನ್ನು 1/30 ಸೆಕೆಂಡಿನಿಂದ ಭಾಗಿಸಿದರೆ ವೇಗದಲ್ಲಿ 0.6 m/s ತಪ್ಪು. ಅಳೆಯಬೇಕಾದದ್ದು 1, ತಪ್ಪು 0.6. "ಹಾಗಾದ್ರೆ ಸ್ಲೋ ಮೋಷನ್ ಇಡೋಣ, ಸೆಕೆಂಡಿಗೆ 240 ಫ್ರೇಮ್ ಸಿಗುತ್ತೆ" ಅಂತ ಯಾರೋ ಒಬ್ಬರು ಹೇಳುತ್ತಾರೆ. ಪಕ್ಕಪಕ್ಕದ ಫ್ರೇಮನ್ನೇ ಹಿಡಿದು, ಓದುವ ತಪ್ಪೂ ಅಷ್ಟೇ ಉಳಿದರೆ ವೇಗದ ತಪ್ಪು 4.8 m/s ಗೆ ಹಾರುತ್ತದೆ. ಗೋಲಿ ಹಿಂದಕ್ಕೆ ಓಡಿತು ಅಂತಲೂ ಉತ್ತರ ಬರಬಹುದು. ವೇಗದ ಪಟ್ಟಿಯಲ್ಲಿ ಸಂಖ್ಯೆಗಳು 1.4, 0.5, 1.6 ಅಂತ ಹಲ್ಲು ಹಲ್ಲಾಗಿ ಏರಿಳಿದರೆ ಕೈಕೊಟ್ಟಿರುವುದು ಗೋಲಿಯಲ್ಲ, ತೀರಾ ಚಿಕ್ಕದಾದ h.

ಹಾಗಂತ h ದೊಡ್ಡದು ಮಾಡಿದರೆ ಮೊದಲಿನ ಹಳೆಯ ತೊಂದರೆ, ಸರಾಸರಿ ದಾರಿ ತಪ್ಪಿಸುತ್ತದೆ. ಇದಕ್ಕೊಂದು ಉಪಾಯವಿದೆ. ಬೇಕಾದ ಕ್ಷಣದಿಂದ ಮುಂದಕ್ಕೆ ಮಾತ್ರ ನೋಡುವ ಬದಲು ಎರಡೂ ಕಡೆಗೆ ಸಮನಾಗಿ ಹೋಗಿ. 0.9 ಸೆಕೆಂಡಿಗೆ ಗೋಲಿ 40.5 ಸೆಂ.ಮೀ. ನಲ್ಲಿರುತ್ತದೆ, 1.1 ಸೆಕೆಂಡಿಗೆ 60.5 ರಲ್ಲಿ. 20 ಸೆಂ.ಮೀ. ದೂರ, 0.2 ಸೆಕೆಂಡು, ವೇಗ ಸರಿಯಾಗಿ 1 m/s. ಮುಂದಿನಿಂದ ಬಂದ ಉತ್ತರ ಜಾಸ್ತಿ ಆದಷ್ಟೇ ಹಿಂದಿನಿಂದ ಬಂದದ್ದು ಕಡಿಮೆಯಾಗಿ ಎರಡೂ ಹೊಡೆದುಹೋದವು. ವೇಗ ಒಂದೇ ಹದದಲ್ಲಿ ಏರುವಾಗ ಇದು ಪಕ್ಕಾ ಉತ್ತರ ಕೊಡುತ್ತದೆ, ಇಲ್ಲದಿದ್ದರೂ ಒಂದೇ ಕಡೆ ನೋಡುವುದಕ್ಕಿಂತ ಸಾಮಾನ್ಯವಾಗಿ ವಾಸಿ. ಅದೇ 2 ಸೆಂ.ಮೀ. ಓದುವ ತಪ್ಪನ್ನು ಈಗ 0.2 ಸೆಕೆಂಡಿನಿಂದ ಭಾಗಿಸುತ್ತೇವೆ, ಹಾಗಾಗಿ ವೇಗದಲ್ಲಿ ತಪ್ಪು ಹೆಚ್ಚೆಂದರೆ 0.1 m/s.

ಬೈಕಿನ ಡಿಜಿಟಲ್ ಸ್ಪೀಡೋಮೀಟರ್ ಮಾಡುವುದೂ ಇಂಥದ್ದೇ ಕೆಲಸ. ಗಾಲಿ ತಿರುಗಿದಂತೆ ಒಂದು ಸೆನ್ಸರ್ ಎಣಿಸುತ್ತಾ ಹೋಗುತ್ತದೆ. ಸ್ವಲ್ಪ ಹೊತ್ತಿನ ಎಣಿಕೆಯನ್ನು ಆ ಹೊತ್ತಿನಿಂದ ಭಾಗಿಸಿ ಪರದೆಯ ಮೇಲೆ ಹಾಕುತ್ತದೆ. ಜೋರಾಗಿ ಬ್ರೇಕ್ ಹಿಡಿದು ಗಾಡಿ ಪೂರ್ತಿ ನಿಂತ ಮೇಲೂ ಅರೆ ಗಳಿಗೆ ಅಲ್ಲಿ 3, 4 ಅಂತ ಸಂಖ್ಯೆ ಉಳಿದಿರುವುದನ್ನು ನೋಡಿರುತ್ತೀರಿ. ಅದು ಆ ಕ್ಷಣದ ವೇಗವಲ್ಲ. ಈಗಷ್ಟೇ ಕಳೆದ ಸಣ್ಣ ಅವಧಿಯ ಸರಾಸರಿ.